ಸತ್ಯಾಂಶ: 6,740 ಮತ್ತು 7,300ರ ಜಗಳ

ಹರಿದಾಡುತ್ತಿರುವ ಒಂದು ಫಾರ್ವರ್ಡ್: "ವಿಶ್ವ ಹಿಗ್ಗುವ ವೇಗದ ಎರಡು ಲೆಕ್ಕ ತಾಳೆಯಾಗ್ತಿಲ್ಲ. ಬಿಗ್ ಬ್ಯಾಂಗ್ ಸುಳ್ಳು ಅಂತ ಜೇಮ್ಸ್ ವೆಬ್ ಬಾಹ್ಯಾಕಾಶ ದೂರದರ್ಶಕ ಸಾಬೀತು ಮಾಡಿದೆ!"

ಇಲ್ಲ. ತಾಳೆಯಾಗದಿರುವುದು ನಿಜ, ಆದರೆ ಎರಡು ಲೆಕ್ಕಗಳೂ ವಿಶ್ವ ಹಿಗ್ಗುತ್ತಿದೆ ಎಂದೇ ಹೇಳುತ್ತವೆ. ಜಗಳ ಇರುವುದು ಎಷ್ಟು ವೇಗ ಎಂಬುದರಲ್ಲಿ ಮಾತ್ರ. 32.6 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯನ್ನು ತೆಗೆದುಕೊಳ್ಳಿ. ಅದು ಸೆಕೆಂಡಿಗೆ ಸುಮಾರು 6,740 ಕಿ.ಮೀ. ವೇಗದಲ್ಲಿ ದೂರ ಸರಿಯಬೇಕು ಎನ್ನುತ್ತದೆ ಪ್ಲಾಂಕ್ ಉಪಗ್ರಹದ ಲೆಕ್ಕ. ಇದು ವಿಶ್ವದ ಎಳೆವಯಸ್ಸಿನ ಬೆಳಕನ್ನು ಅಳೆದು, ಸಿದ್ಧಾಂತದ ಮೂಲಕ ಇವತ್ತಿಗೆ ತಂದದ್ದು. ಖಗೋಳ ವಿಜ್ಞಾನಿ ಆಡಮ್ ರೀಸ್ ತಂಡ ನಕ್ಷತ್ರಗಳಿಂದ ನೇರವಾಗಿ ಅಳೆದರೆ ಸುಮಾರು 7,300.

ರೀಸ್ ತಂಡದ ಅಳತೆಗೋಲು ಸೆಫೀಡ್ ನಕ್ಷತ್ರ. ಅದರ ಬೆಳಕು ಏರಿಳಿಯುವ ಅವಧಿಯಿಂದ ನಿಜವಾದ ಹೊಳಪು ತಿಳಿಯುತ್ತದೆ, ಅದನ್ನು ನಮಗೆ ಕಾಣುವ ಹೊಳಪಿಗೆ ಹೋಲಿಸಿದರೆ ಎಷ್ಟು ದೂರವಿದೆ ಎಂಬುದು. ಪಕ್ಕದ ನಕ್ಷತ್ರಗಳ ಬೆಳಕು ಬೆರೆತು ಹಬಲ್ ದೂರದರ್ಶಕ ಎಡವಿತೇ ಎಂಬ ಅನುಮಾನವಿತ್ತು. ವೆಬ್ ಇನ್ನೂ ಸ್ಪಷ್ಟವಾಗಿ ನೋಡಿತು. ಎಡವಿರಲಿಲ್ಲ! ಫಾರ್ವರ್ಡ್ ತಿರುಚಿದ್ದು ಇದನ್ನೇ.

ಆದರೂ ಇನ್ನೊಬ್ಬ ಖಗೋಳ ವಿಜ್ಞಾನಿ ವೆಂಡಿ ಫ್ರೀಡ್‌ಮನ್ ಅವರ ತಂಡ ಬೇರೆ ಬಗೆಯ ನಕ್ಷತ್ರಗಳನ್ನೂ ಬಳಸಿ 7,000ದ ಆಸುಪಾಸಿಗೆ ಬಂದಿದೆ. ಹಾಗಾಗಿ ಅಳತೆಯಲ್ಲೇ ಸಣ್ಣ ದೋಷ ಉಳಿದಿರಬಹುದು. ಇಲ್ಲವೇ ವಿಶ್ವದ ಆರಂಭದಲ್ಲಿ ಸ್ವಲ್ಪ ಕಾಲ ವಿಶ್ವವನ್ನು ಹಿಗ್ಗಿಸುವ ಡಾರ್ಕ್ ಎನರ್ಜಿ ಜಾಸ್ತಿ ಇದ್ದು, ಪ್ಲಾಂಕ್ ಲೆಕ್ಕದ ಸಿದ್ಧಾಂತವನ್ನೇ ತುಸು ತಿದ್ದಬೇಕಾಗಬಹುದು.