ಹಲ್ಲು ಬಂದ್ರೆ ಮಟನ್, ಬರದಿದ್ರೆ ಲ್ಯಾಂಬ್, ಮೇಕೆ ಆದ್ರೆ ದೇವ್ರೇ ಗತಿ

ಮೊನ್ನೆ ಒಂದು ಪ್ಯಾಕೆಟ್ ಕೈಗೆ ಬಂತು, ಅದರ ಮೇಲೆ ದಪ್ಪ ಅಕ್ಷರದಲ್ಲಿ "ಟೆಂಡರ್ ಲ್ಯಾಂಬ್ ಮಟನ್" ಅಂತ ಬರ್ದಿದ್ರು, ಕೆಳಗೆ ಇರುವೆ ಕಾಲಿನಷ್ಟು ಸಣ್ಣ ಅಕ್ಷರದಲ್ಲಿ "ಗೋಟ್ ಮೀಟ್" ಅಂತ. ಇದನ್ನ ಒಂದ್ಸಲ ಕನ್ನಡಕ್ಕೆ ಮಾಡ್ಕೊಂಡು ಓದಿ ನೋಡಿ: "ಎಳೇ ಕುರಿಮರಿಯ ಮುದಿ ಕುರಿ ಮಾಂಸ, ಅಂದ್ರೆ ಮೇಕೆ." ಮಗುನೂ ಅದೇ ಅಜ್ಜನೂ ಅದೇ, ಕೊನೆಗೆ ನೋಡಿದ್ರೆ ಇಬ್ರೂ ಅಲ್ಲ, ಪಕ್ಕದ ಮನೆಯವ್ರು. ಸರ್ಕಸ್ ಕಂಪ್ನಿ ಕೂಡ ಒಂದೇ ಪ್ರಾಣಿ ಕೈಲಿ ಇಷ್ಟೊಂದು ವೇಷ ಹಾಕ್ಸಲ್ಲ.

ವಿಷಯ ಏನಪ್ಪಾ ಅಂದ್ರೆ ಇಂಗ್ಲಿಷಲ್ಲಿ ಲ್ಯಾಂಬೂ ಮಟನ್ನೂ ಎರಡೂ ಕುರಿನೇ. ಸಾಮಾನ್ಯವಾಗಿ ಒಂದು ವರ್ಷದೊಳಗಿನ ಕುರಿದು ಲ್ಯಾಂಬ್, ಬಲಿತ ಕುರಿದು ಮಟನ್, ನಡುವೆ ಇರೋ ಹದಿಹರೆಯದವನಿಗೆ ಬ್ರಿಟನ್, ನ್ಯೂಜಿಲೆಂಡ್ ಕಡೆ ಹಾಗೆಟ್ ಅಂತಾರೆ. ಮೇಕೆ ಈ ಸಾಲಲ್ಲೇ ಇಲ್ಲ, ಅದು ಬೇರೆ ಪ್ರಾಣಿ. ಬೇರೆ ಅಂದ್ರೆ ಸ್ವಲ್ಪ ಬೇರೆ ಅಲ್ಲ, ಕುರಿಗೆ 54 ವರ್ಣತಂತು, ಮೇಕೆಗೆ 60. ಲೇಬಲ್ ಬರೆಯೋನಿಗೆ ಆ ಆರು ಲೆಕ್ಕಕ್ಕೇ ಇಲ್ಲ, ಆರು ಗ್ರಾಂ ತೂಕ ಕಮ್ಮಿ ಆಗಿದ್ರೆ ಮಾತ್ರ ಜಗಳ.

ಸರಿ ಮೇಕೆನ ಸದ್ಯಕ್ಕೆ ಗೂಟಕ್ಕೆ ಕಟ್ಟಿಬಿಡೋಣ, ಮೊದ್ಲು ಕುರಿ ಕತೆ ಕೇಳಿ, ಅಸಲಿ ಮಜಾ ಇರೋದು ಅಲ್ಲೇ. ಕುರಿ ಲ್ಯಾಂಬಾ ಮಟನ್ನಾ ಅಂತ ಹೇಳ್ಬೇಕು ಅಂದ್ರೆ ವಯಸ್ಸು ಗೊತ್ತಾಗ್ಬೇಕು, ಆದ್ರೆ ಕುರಿ ಹತ್ರ ಜನನ ಪ್ರಮಾಣಪತ್ರ ಇರಲ್ಲ. ಅದಕ್ಕೆ ಬಾಯಿ ತೆಗೆಸಿ ಹಲ್ಲು ನೋಡ್ತಾರೆ. ಕುರಿಗೆ ಮೇಲ್ದವಡೇಲಿ ಮುಂದಿನ ಹಲ್ಲೇ ಇಲ್ಲ, ಬರೀ ಗಟ್ಟಿ ವಸಡು. ಕೆಳಗಡೆ ಎಂಟು ಬಾಚಿಹಲ್ಲು, ಮೊದ್ಲು ಹಾಲುಹಲ್ಲು. ವರ್ಷ ತುಂಬಿ ಒಂದೂವರೆ ವರ್ಷ ಆಗೋದ್ರೊಳಗೆ ನಡುವಿನ ಎರಡು ಬಿದ್ದು ಅಗಲವಾದ ಖಾಯಂ ಹಲ್ಲು ಬರುತ್ತೆ, ಆಮೇಲೆ ಹೆಚ್ಚುಕಮ್ಮಿ ವರ್ಷಕ್ಕೊಂದು ಜೊತೆ, ನಾಲ್ಕು ವರ್ಷದ ಹೊತ್ತಿಗೆ ಎಂಟೂ ಬಂದು ಬಾಯಿ ಕೂಡುತ್ತೆ. ಕುರಿ ಕಾಯೋರು ಎರಡಲ್ಲು, ನಾಲ್ಕಲ್ಲು ಅಂತ ಲೆಕ್ಕ ಹೇಳೋದು ಇದನ್ನೇ. ಅವರಿಗೆ ಇದು ಅಂದಾಜು, ಅಂದಾಜಾಗೇ ಬಳಸ್ತಾರೆ. ಇದನ್ನ ಕಾನೂನು ಮಾಡಿದ ಮೇಲೆ ಶುರುವಾಯ್ತು ನೋಡಿ ನಾಟಕ.

ಆಸ್ಟ್ರೇಲಿಯಾದಲ್ಲಿ ಹಳೇ ನಿಯಮ ಹೀಗಿತ್ತು: ಒಂದೇ ಒಂದು ಖಾಯಂ ಬಾಚಿಹಲ್ಲೂ ಬಂದಿರಬಾರ್ದು, ಬಂದಿಲ್ಲ ಅಂದ್ರೆ ಲ್ಯಾಂಬ್, ವಸಡು ಸೀಳ್ಕೊಂಡು ಹಲ್ಲಿನ ತುದಿ ಇಣುಕಿದ್ರೂ ಮುಗೀತು, ಲ್ಯಾಂಬ್ ಅಲ್ಲ. ಹಲ್ಲೋ ರೈತನ್ನ ಕೇಳಿ ಬರಲ್ಲ. ಸಂಜೆ ಮಂದೆ ನೋಡ್ದಾಗ ಎಲ್ಲಾ ಲ್ಯಾಂಬು, ಬೆಳಿಗ್ಗೆ ಲಾರಿ ಹತ್ತಿಸೋ ಹೊತ್ತಿಗೆ ನಾಲ್ಕೈದಕ್ಕೆ ಹಲ್ಲು ಮೊಳೆತಿದೆ, ರಾತ್ರೋರಾತ್ರಿ ಮಾಂಸ ಏನೂ ಬದಲಾಗಿಲ್ಲ, ತಿಂದಿದ್ದೂ ಅದೇ ಹುಲ್ಲು, ಆದ್ರೆ ರೇಟ್ ಮಾತ್ರ ಮಹಡಿಯಿಂದ ಕೆಳಗೆ ಬಿತ್ತು, ಯಾಕಂದ್ರೆ ಈಗ ಅದು ಲ್ಯಾಂಬ್ ಸಾಲಲ್ಲಿ ನಿಲ್ಲೋ ಹಾಗಿಲ್ಲ. ನಮಗೆಲ್ಲ ಬುದ್ಧಿಹಲ್ಲು ಬಂದ್ರೆ ನೋವಾಗುತ್ತೆ, ಪಾಪ ಅಲ್ಲಿ ಕುರಿಗೆ ಹಲ್ಲು ಬಂದ್ರೆ ರೈತನಿಗೆ ನೋವು.

ಕೊನೆಗೆ 2019ರ ಜುಲೈ 1ರಿಂದ ನಿಯಮ ಬದಲಾಯ್ಸಿದ್ರು. ಹೊಸ ನಿಯಮದ ಪ್ರಕಾರ 12 ತಿಂಗಳೊಳಗಿದ್ರೆ ಲ್ಯಾಂಬ್, ಇಲ್ಲಾ ಖಾಯಂ ಬಾಚಿಹಲ್ಲು ಇನ್ನೂ ಕೆಲಸಕ್ಕೆ ಇಳಿದಿಲ್ಲ ಅಂದ್ರೂ ಲ್ಯಾಂಬೇ. ಅಂದ್ರೆ ಹಲ್ಲು ಬಂದಿರಬಹುದು, ಆದ್ರೆ ಪಕ್ಕದ ಹಲ್ಲುಗಳ ಮಟ್ಟಕ್ಕೆ ಏರಿ ಮೇಯೋ ಕೆಲಸಕ್ಕೆ ಹಚ್ಚಿರಬಾರ್ದು. ಒಂಥರಾ ಅಪಾಯಿಂಟ್‌ಮೆಂಟ್ ಆರ್ಡರ್ ಬಂದಿದೆ, ಇನ್ನೂ ಡ್ಯೂಟಿಗೆ ರಿಪೋರ್ಟ್ ಮಾಡ್ಕೊಂಡಿಲ್ಲ. ನ್ಯೂಜಿಲೆಂಡೂ ಹೆಚ್ಚುಕಮ್ಮಿ ಅದೇ ಹೊತ್ತಿಗೆ ಇದೇ ದಾರಿ ಹಿಡೀತು. ರೈತರಿಗೆ ಇದ್ರಿಂದ ಕೆಲವು ವಾರ ಉಸಿರಾಡೋಕೆ ಟೈಮ್ ಸಿಕ್ತು, ಅದು ನ್ಯಾಯವೇ, ಅದ್ರ ಬಗ್ಗೆ ನನ್ನ ತಕರಾರಿಲ್ಲ.

ಆದ್ರೆ ಒಂದು ಕುರಿ ಲೆಕ್ಕ ಹಾಕಿ ನೋಡಿ. 13 ತಿಂಗಳು ತುಂಬಿದೆ, 2019ರ ಜೂನ್ 30ರ ಸಂಜೆ ಹಲ್ಲಿನ ತುದಿ ಇಣುಕಿದೆ. ಅವತ್ತು ರಾತ್ರಿ ಅದು ಲ್ಯಾಂಬ್ ಆಗೋಕೆ ಅನರ್ಹ. ಬೆಳಗಾಯ್ತು, ಜುಲೈ 1, ಅದೇ ಕುರಿ, ಅದೇ ಹಲ್ಲು, ಒಂದು ರಾತ್ರಿ ವಯಸ್ಸು ಜಾಸ್ತಿನೇ ಆಗಿದೆ, ಆದ್ರೆ ಈಗದು ಮತ್ತೆ ಕುರಿಮರಿ! ಮುಖಕ್ಕೆ ಕ್ರೀಮ್ ಹಚ್ಕೊಂಡು ಹತ್ತು ವರ್ಷ ಕಾದ್ರೂ ಒಂದು ದಿನ ಚಿಕ್ಕವರಾಗದೇ ಇರೋ ನಾವು ಈ ಕುರಿ ಹತ್ರ ಟ್ಯೂಷನ್‌ಗೆ ಹೋಗ್ಬೇಕು.

ಈಗ ಅಂಥದೇ ಇನ್ನೊಂದು ಕುರಿನ ಅಮೆರಿಕದ ಗ್ರೇಡಿಂಗ್‌ಗೆ ತಗೊಂಡ್ಹೋಗಿ. ಅಲ್ಲಿ ಮುಖ್ಯವಾಗಿ ನೋಡೋದು ಬಾಯಲ್ಲ, ಮುಂಗಾಲು. ಎಳೇದ್ರಲ್ಲಿ ಗೊರಸಿನ ಕಡೆಯ ಮೂಳೆ ತುದೀಲಿ ಬೆಳೆಯೋ ಭಾಗ ಇನ್ನೂ ಮೆತ್ತಗಿರುತ್ತೆ, ಪಾದ ಮುರಿದ್ರೆ ಅಲ್ಲೇ ಕಳಚ್ಕೊಳ್ಳುತ್ತೆ, ಮುರಿದ ಜಾಗ ಕೆಂಪಗೆ, ಒದ್ದೆಯಾಗಿ, ಗರಗಸದ ಹಲ್ಲಿನ ತರ ಏರಿಳಿತ ಇರುತ್ತೆ. ವಯಸ್ಸಾದ್ರಲ್ಲಿ ಅದು ಗಟ್ಟಿಯಾಗಿ ಬೆಸ್ಕೊಂಡಿರುತ್ತೆ, ಪಾದ ಕಳಚೋದು ಅದರ ಕೆಳಗಿನ ಕೀಲಲ್ಲಿ, ಆಗ ನುಣ್ಣಗೆ ದಾರ ಸುತ್ತೋ ಉರುಳೆ ತರ ಕಾಣುತ್ತೆ. ಎರಡೂ ಕಾಲಲ್ಲಿ ಉರುಳೆ ಕಂಡ್ರೆ ವಯಸ್ಸು ಮೀರಿದೆ ಅಂತ, ನಡುವಿನ ವಯಸ್ಸಿಗೆ ಇಯರ್ಲಿಂಗ್ ಮಟನ್ ಅಂತ ಇನ್ನೊಂದು ಹೆಸರೇ ಇಟ್ಕೊಂಡಿದ್ದಾರೆ. ಅಂದ್ರೆ ಒಂದೇ ವಯಸ್ಸಿನ ಕುರಿ ಒಂದ್ಕಡೆ ಹಲ್ಲು ತೋರ್ಸಿ ಮರಿ ಅನ್ನಿಸ್ಕೊಬಹುದು, ಇನ್ನೊಂದ್ಕಡೆ ಕಾಲು ತೋರ್ಸಿ ದೊಡ್ಡೋನಾಗಬಹುದು. ಸುಳ್ಳು ಯಾರೂ ಹೇಳ್ತಿಲ್ಲ, ಒಬ್ರು ಬಾಯಿ ನೋಡಿದ್ರು, ಇನ್ನೊಬ್ರು ಕಾಲು ನೋಡಿದ್ರು ಅಷ್ಟೇ.

ಇಷ್ಟೆಲ್ಲಾ ಹಲ್ಲು ಕಾಲು ಎಣಿಸಿ ಜಗಳ ಆಡೋದು ಒಂದು ಕಡೆ. ಇನ್ನೊಂದು ಕಡೆ ಭಾರತದಲ್ಲಿ ನಾವು ಹಲ್ಲೂ ಎಣಿಸ್ಲಿಲ್ಲ, ಕಾಲೂ ಮುರೀಲಿಲ್ಲ, ಯಾವ ಪ್ರಾಣಿ ಅಂತಾನೂ ಕೇಳ್ಲಿಲ್ಲ, ಮಟನ್ ಅಂದ್ಬಿಟ್ವಿ. ಕುರಿನೂ ಮಟನ್, ಮೇಕೆನೂ ಮಟನ್. ಜಮೈಕಾದಲ್ಲೂ ಮಟನ್ ಅಂದ್ರೆ ಎಷ್ಟೋ ಸಲ ಮೇಕೆನೇ, ಹಾಗಾಗಿ ನಾವು ಒಂಟಿ ಅಲ್ಲ ಅನ್ನೋದೇ ಸಮಾಧಾನ. ಆ ಪದ ಹುಟ್ಟಿದ್ದು ಫ್ರೆಂಚಲ್ಲಿ, ಅಲ್ಲಿ ಮೂತೋಂ ಅಂದ್ರೆ ಕುರಿ. ಇಂಗ್ಲಿಷರು ದೊಡ್ಡಿಯಲ್ಲಿರೋ ಪ್ರಾಣಿಗೆ ತಮ್ಮ ಶೀಪನ್ನೇ ಇಟ್ಕೊಂಡು ತಟ್ಟೆಗೆ ಬಂದಾಗ ಫ್ರೆಂಚ್ ಹೆಸರು ಹಚ್ಚಿದ್ರು. ನಮ್ಮಲ್ಲಿಗೆ ಬಂದ ಮೇಲೆ ಅದು ಮೇಕೆ ಮೈಮೇಲೂ ಹತ್ತಿ ಕೂತ್ಕೊಳ್ತು. ತಮಾಷೆ ಅಂದ್ರೆ ಕನ್ನಡದಲ್ಲಿ ಪದಗಳಿಗೇನು ಬರ ಇರ್ಲಿಲ್ಲ, ಕುರಿ, ಟಗರು, ಆಡು, ಮೇಕೆ, ಹೋತ, ಮರಿ, ಜಾತಿ ಲಿಂಗ ವಯಸ್ಸು ಎಲ್ಲಾ ಒಂದೊಂದು ಪದದಲ್ಲಿ ಮುಗೀತಿತ್ತು. ಹೋತ ಅಂದ್ರೆ ಗಂಡು ಮೇಕೆ, ಅದರ ವಾಸನೆ ಏನು ಅಂತ ಗೊತ್ತಿರೋರಿಗೆ ಲೇಬಲ್ಲೇ ಬೇಡ. ಅದನ್ನೆಲ್ಲ ಕಸಕ್ಕೆ ಹಾಕಿ ಮಟನ್ ಅಂತ ಒಂದೇ ಪದದ ಕೆಳಗೆ ಎಲ್ರನ್ನೂ ನಿಲ್ಸಿದ್ವಿ, ಆಮೇಲೆ ಪ್ಯಾಕೆಟ್ ಮಾರೋರು ಬಂದ್ರು, ಅವರಿಗೆ ಮಟನ್ ಅನ್ನೋದು ಸ್ವಲ್ಪ ಮುದಿ ಅನ್ನಿಸ್ತೋ ಏನೋ, ಮೇಲೊಂದು ಲ್ಯಾಂಬ್ ಅಂಟ್ಸಿದ್ರು, ಇಂಗ್ಲಿಷ್ ಗೊತ್ತಿರೋರು ಪ್ರಶ್ನೆ ಕೇಳ್ತಾರೆ ಅಂತ ಕೆಳಗೆ ಗೋಟ್ ಸೇರ್ಸಿದ್ರು. ಆಯ್ತಲ್ಲ ನನ್ನ ಪ್ಯಾಕೆಟ್!

ಪಶ್ಚಿಮದ ಕಡೆ ಉಲ್ಟಾ ಕಾಯಿಲೆ. ಅಲ್ಲಿ ಗೋಟ್ ಅಂದ್ರೆ ಕೆಲವರು ಮುಖ ಸಿಂಡರಿಸ್ತಾರಂತ ಚೆವೊನ್, ಕಾಪ್ರೆಟೋ, ಕಾಬ್ರಿಟೋ ಅಂತೆಲ್ಲ ಪರ್ಫ್ಯೂಮ್ ಬಾಟ್ಲಿ ಹೆಸರಿಡ್ತಾರೆ. ಮೊದಲನೇದು ಮೇಕೆ ಮಾಂಸ, ಇನ್ನೆರಡು ಮೇಕೆಮರಿ. ಇಷ್ಟರ ನಡುವೆ ತಲೆ ಸರಿ ಇರೋದು ಕಸ್ಟಮ್ಸ್‌ನೋರಿಗೆ ಮಾತ್ರ ಅಂದ್ರೆ ನಂಬ್ತೀರಾ. ಜಗತ್ತಿನಾದ್ಯಂತ ಬಳಸೋ ಸುಂಕದ ಪಟ್ಟೀಲಿ 0204 ಅಂದ್ರೆ ಕುರಿ ಅಥವಾ ಮೇಕೆ ಮಾಂಸ, ಅದರೊಳಗೆ ಲ್ಯಾಂಬಿನ ಇಡೀ ದೇಹಕ್ಕೆ ಬೇರೆ ಸಂಖ್ಯೆ, ಮೇಕೆಗೆ 020450 ಅಂತ ಬೇರೆ ಸಂಖ್ಯೆ. ಹಡಗಲ್ಲಿ ಬರೋವಾಗ ಅದು ಮೇಕೆ ಅಂತ ಎಲ್ರಿಗೂ ಗೊತ್ತು, ಅಂಗಡಿಗೆ ಬಂದ ಮೇಲೆ ನೆನಪು ಹೋಗುತ್ತೆ.

ಹಾಗಾದ್ರೆ ನಮಗೆ ಹೇಗೆ ಗೊತ್ತಾಗ್ಬೇಕು? ಇಡೀ ದೇಹ ನೇತಾಡ್ತಿದ್ರೆ ಕಷ್ಟ ಇಲ್ಲ. ಕುರಿಗೆ ಚರ್ಮದ ಕೆಳಗೆ ಬೆನ್ನ ಮೇಲೆಲ್ಲ ಬಿಳೀ ಕೊಬ್ಬಿನ ಹೊದಿಕೆ ಇರುತ್ತೆ, ಮೇಕೆಗೆ ಅದು ತೆಳು, ಅದು ಕೊಬ್ಬನ್ನ ಹೊಟ್ಟೆ ಒಳಗೆ ಮೂತ್ರಪಿಂಡದ ಸುತ್ತ ಬಚ್ಚಿಟ್ಕೊಂಡಿರುತ್ತೆ. ಬಾಲ ಬಿಟ್ಟಿದ್ರೆ ಇನ್ನೂ ಸುಲಭ, ಮೇಕೆದು ಗಿಡ್ಡ, ಬದುಕಿದ್ದಾಗ ಮೇಲಕ್ಕೆ ಎತ್ಕೊಂಡಿದ್ದು, ಕುರಿದು ಕೆಳಗೆ ಜೋತುಬೀಳೋದು. ಎಳೇದಾ ಬಲಿತಿದ್ದಾ ಅಂತ ಬಣ್ಣ ಸ್ವಲ್ಪ ಹೇಳುತ್ತೆ, ಎಳೇದು ತಿಳಿ ಕೆಂಪು, ವಯಸ್ಸಾದಷ್ಟೂ ಕಡು. ಕುರಿಯ ಆ ಘಾಟು ಇರೋದು ಮುಖ್ಯವಾಗಿ ಕೊಬ್ಬಲ್ಲಿ, ವಯಸ್ಸಿನ ಜೊತೆ ಅದು ಜಾಸ್ತಿ ಆಗುತ್ತೆ, ಹಾಗಾಗಿ ಕೊಬ್ಬು ಪೂರ್ತಿ ಕೆತ್ತಿ ತೆಗೆದ್ರೆ ಮೂಗಿಗೂ ಕೆಲಸ ಇಲ್ಲ. ಇನ್ನು ಪ್ಯಾಕೆಟ್ ಒಳಗಿನ ಸಣ್ಣ ತುಂಡು, ಖೀಮಾ ಆದ್ರೆ ಕಣ್ಣು ಮೂಗು ಎರಡೂ ಸೋಲುತ್ತೆ, ಡಿಎನ್ಎ ಟೆಸ್ಟೇ ಗತಿ. ಟೆಸ್ಟ್ ಮಾಡ್ಸಿದ್ರೂ ಅದು ಕುರಿನಾ ಮೇಕೆನಾ ಅಂತ ಹೇಳುತ್ತೆ, ವಯಸ್ಸು ಹೇಳಲ್ಲ. ಹಲ್ಲು ನೋಡೋಣ ಅಂದ್ರೆ ತಲೆ ಎಲ್ಲೋ ಉಳೀತು.

ನಾನಂತೂ ಬಿಡ್ಲಿಲ್ಲ, ಪ್ಯಾಕೆಟ್ ಹಿಂದಿದ್ದ ನಂಬರ್‌ಗೆ ಫೋನ್ ಹಚ್ಚಿದೆ. ಹುಡುಗ ಮರ್ಯಾದಸ್ಥ, ಪಾಪ.

"ಇದು ಕುರಿನಾ ಮೇಕೆನಾ ಹೇಳಪ್ಪ."

"ಸರ್, ಮಟನ್ ಸರ್."

"ಮಟನ್ ಸರಿ, ಮತ್ತೆ ಮೇಲೆ ಲ್ಯಾಂಬ್ ಅಂತಿದೆ?"

"ಅದು ಎಳೇದು ಅಂತ ಸರ್."

"ಎಳೇ ಏನು?"

"ಎಳೇ ಮಟನ್ ಸರ್."

"ಮತ್ತೆ ಗೋಟ್ ಅಂತ ಯಾಕೆ ಹಾಕಿದ್ದೀರಿ?"

ಆ ಕಡೆ ಕೀಬೋರ್ಡ್ ಕಟಕಟ ಅಂತು, ಯಾರನ್ನೋ ಕೇಳಿದ ಸದ್ದು, ಎರಡು ನಿಮಿಷ ಸಿತಾರ್ ಮ್ಯೂಸಿಕ್ ಕೇಳಿಸಿದ್ರು, ಆಮೇಲೆ ವಾಪಸ್ ಬಂದ.

"ಸರ್, ಚೆಕ್ ಮಾಡ್ದೆ. ಅದು ಪ್ರೀಮಿಯಂ ಸರ್."