‘ಹೋಗಿ ಬನ್ನಿ, ಆಮೇಲೆ ನೋಡೋಣ’ ಎಂಬ ಮಾತನ್ನು ನಂಬಿ ರಜೆ ಹಾಕಬೇಡಿ

ಗೋಥೆನ್‌ಬರ್ಗ್‌ನ ನಮ್ಮ ಕಚೇರಿಯಲ್ಲಿ ಓದಲು ರಜೆ ಬೇಕೆಂದಾಗ ನನ್ನ ಮೇಲಧಿಕಾರಿ ಕೇಳಿದ್ದು ಒಂದೇ ಪ್ರಶ್ನೆ: ಯಾವತ್ತಿನಿಂದ? ಆತ ದೊಡ್ಡ ಮನಸ್ಸಿನವನೇನೂ ಅಲ್ಲ. ಬೇಡ ಎನ್ನುವ ಅಧಿಕಾರ ಅವನಿಗಿರಲಿಲ್ಲ, ಅಷ್ಟೇ. ಸ್ವೀಡನ್ನಿನಲ್ಲಿ 1974ರ ಅಧ್ಯಯನ ರಜೆ ಕಾನೂನಿನ ಪ್ರಕಾರ, ಒಂದೇ ಕಡೆ ಆರು ತಿಂಗಳು ಕೆಲಸ ಮಾಡಿದವರಿಗೆ ಓದಲು ರಜೆ ಪಡೆಯುವ ಹಕ್ಕಿದೆ. ಮಾಲೀಕರು ಅದನ್ನು ಆರು ತಿಂಗಳು ಮುಂದೂಡಬಹುದು. ಅದಕ್ಕಿಂತ ಹೆಚ್ಚಾದರೆ ಕಾರ್ಮಿಕ ಸಂಘ ಒಪ್ಪಬೇಕು. ಹಿಂದಿರುಗಿದವರಿಗೆ ಮೊದಲಿನದಕ್ಕೆ ಸಮನಾದ ಕೆಲಸ, ಷರತ್ತುಗಳು ಸಿಗಬೇಕು. ಸಂಬಳ ಮಾತ್ರ ಇಲ್ಲ.

ಹಾಗೆಂದು ಅದು ಸ್ವರ್ಗವೇನಲ್ಲ. ಕೆಲಸದ ಪರವಾನಗಿಯ ಮೇಲೆ ಬಂದ ನಮ್ಮಂಥವರಿಗೆ ಸಂಬಳ ನಿಂತರೆ ಪರವಾನಗಿಗೇ ಕುತ್ತು ಬರಬಹುದು. ಹಾಗಾಗಿ ಕಾಯಂ ವಾಸದ ಅನುಮತಿ ಕೈಗೆ ಬರುವವರೆಗೂ ನಾನು ರಜೆಯ ಮಾತೆತ್ತಲಿಲ್ಲ. ಕಾನೂನು ಉದ್ಯೋಗವನ್ನು ಉಳಿಸಿತು. ನಾನು ಕಟ್ಟಿದ್ದ ಯೋಜನೆ ಅಷ್ಟರಲ್ಲಿ ಬೇರೆಯವರ ಕೈಸೇರಿತ್ತು. ಹೋದ ಹಿಡಿತವನ್ನು ಮರಳಿ ಪಡೆಯುವುದು ನನ್ನ ಪಾಡಾಯಿತು.

ಈ ವರ್ಷ ಊರಿಗೆ ಹೋದಾಗ ಇದೇ ವಿಷಯ ಚಿಕ್ಕಪ್ಪನ ಮನೆಯಲ್ಲಿ ಎದ್ದಿತ್ತು. ಅವರ ಮಗ ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಹನ್ನೆರಡು ವರ್ಷಗಳಿಂದ ಗುಣಮಟ್ಟ ವಿಭಾಗದ ಎಂಜಿನಿಯರ್. ಎರಡು ವರ್ಷದ ಎಂ.ಟೆಕ್ ಮಾಡಬೇಕೆಂಬ ಆಸೆ. ಎಚ್‌ಆರ್ ಅಧಿಕಾರಿ ನಗುನಗುತ್ತಲೇ, “ಹೋಗಿ ಬನ್ನಿ, ಆಮೇಲೆ ನೋಡೋಣ” ಎಂದಿದ್ದರಂತೆ. ಮೇಷ್ಟರಾಗಿ ನಿವೃತ್ತರಾದ ಚಿಕ್ಕಪ್ಪನದು ಒಂದೇ ಹಟ: “ಹನ್ನೆರಡು ವರ್ಷ ಊರಿದ ಕಾಲನ್ನು ಈಗ ಯಾಕೆ ಕೀಳುತ್ತೀಯ?”

ಚಿಕ್ಕಪ್ಪನ ಅಂಜಿಕೆಯಲ್ಲಿ ಹುರುಳಿದೆ. ಕೇಂದ್ರ ಸರ್ಕಾರಿ ನೌಕರರಿಗಾದರೆ 1972ರ ರಜಾ ನಿಯಮಗಳಿವೆ: ಸಾಮಾನ್ಯವಾಗಿ ಒಮ್ಮೆಗೆ ಹನ್ನೆರಡು ತಿಂಗಳು, ಇಡೀ ಸೇವೆಯಲ್ಲಿ ಇಪ್ಪತ್ತನಾಲ್ಕು ತಿಂಗಳು ಅಧ್ಯಯನ ರಜೆ, ಅದೂ ರಜಾ ವೇತನದ ಜೊತೆಗೆ, ಬಂದ ಮೇಲೆ ಮೂರು ವರ್ಷ ದುಡಿಯುವ ಮುಚ್ಚಳಿಕೆ. ಈ ವಿಷಯದಲ್ಲಿ ಅವರು ಸ್ವೀಡನ್ನಿನವರಿಗಿಂತ ಪುಣ್ಯವಂತರು. ಖಾಸಗಿ ಕಾರ್ಖಾನೆಯವನಿಗೆ ಇಂಥ ಯಾವ ಹಕ್ಕೂ ಇಲ್ಲ. ಇರುವ ನಿಯಮ ಅವನಿಗೇ ಮುಳುವಾಗುವಂಥದ್ದು. ಕಾರ್ಖಾನೆಗಳ ಕೆಲಸದ ನಿಯಮಗಳಿಗೆಂದು ಸರ್ಕಾರ ರೂಪಿಸಿದ್ದ 1946ರ ಮಾದರಿ ಸ್ಥಾಯಿ ಆದೇಶಗಳಲ್ಲಿ, ರಜೆ ಮುಗಿದ ಎಂಟು ದಿನದೊಳಗೆ ಹಿಂದಿರುಗಿ ಕಾರಣ ಕೊಡದಿದ್ದರೆ ಕಾರ್ಮಿಕ ತನ್ನ ಹುದ್ದೆಯ ಮೇಲಿನ ಹಕ್ಕನ್ನು ಕಳೆದುಕೊಳ್ಳುತ್ತಾನೆ ಎಂದಿತ್ತು. ನನ್ನ ತಮ್ಮನ ಕಾರ್ಖಾನೆಯ ನಿಯಮ ಪುಸ್ತಕದಲ್ಲಿ ಹೆಚ್ಚುಕಡಿಮೆ ಅದೇ ವಾಕ್ಯ ಎಂಜಿನಿಯರುಗಳಿಗೂ ಅನ್ವಯಿಸುವಂತೆ ಕೂತಿದೆ. ಬಾಯಿಮಾತಿನ ರಜೆಯಲ್ಲಿ ಹೊರಟವನು ಆ ಪುಸ್ತಕದ ಲೆಕ್ಕದಲ್ಲಿ ಗೈರುಹಾಜರಿ.

ಹಾಗಾದರೆ ರಾಜೀನಾಮೆ ಕೊಟ್ಟು ಹೋಗಿ, ಆಮೇಲೆ ಹೊಸದಾಗಿ ಸೇರಿಕೊಂಡರೇನು ಎಂದು ಅವನು ಕೇಳಿದ. ಗ್ರ್ಯಾಚುಟಿಯ ಲೆಕ್ಕವನ್ನು ಹಾಳೆಯ ಮೇಲೆ ಹಾಕಿದೆವು. ಕೊನೆಯ ಮೂಲ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಬಂದದ್ದನ್ನು ಸೇವೆಯ ವರ್ಷಗಳಿಂದ ಗುಣಿಸಬೇಕು. ಈಗಿನ ಮೂಲ ವೇತನ ತುಟ್ಟಿಭತ್ಯೆ ಸೇರಿ 60,000 ಎಂದಿಟ್ಟುಕೊಂಡರೆ ಹನ್ನೆರಡು ವರ್ಷಕ್ಕೆ ಸುಮಾರು 4.15 ಲಕ್ಷ. ಮತ್ತೆ ಸೇರಿ ಆರು ವರ್ಷ ದುಡಿದು, 1,20,000 ವೇತನದಲ್ಲಿ ಬಿಟ್ಟರೆ ಇನ್ನೊಂದು 4.15 ಲಕ್ಷ. ಎರಡೂ ಸೇರಿ 8.3 ಲಕ್ಷ. ಸೇವೆ ಮುರಿಯದೆ ಉಳಿದಿದ್ದರೆ, ರಜೆಯ ಎರಡು ವರ್ಷವನ್ನು ಎಣಿಸದೆಯೂ, ಹದಿನೆಂಟು ವರ್ಷಕ್ಕೂ ಕೊನೆಯ ವೇತನದ ದರವೇ ಅನ್ವಯಿಸಿ ಸುಮಾರು 12.46 ಲಕ್ಷ ಬರುತ್ತದೆ. ಮೊದಲೇ ಕೈಗೆ ಬಂದ ಹಣಕ್ಕೆ ಬಡ್ಡಿ ಬರುತ್ತದೆ, ನಿಜ. ನಮ್ಮಲ್ಲಿ ಅದು ಬ್ಯಾಂಕು ಸೇರುವ ಮೊದಲು ಮನೆಯ ಮಹಡಿಯಾಗುವುದೇ ಹೆಚ್ಚು. ಸೇವಾ ನಿರಂತರತೆ ಎಂಬ ಎರಡು ಪದಕ್ಕಾಗಿ ಯಾಕೆ ಪಟ್ಟು ಹಿಡಿಯಬೇಕು ಎಂಬುದು ಅವನಿಗೆ ಅರ್ಥವಾದದ್ದು ಆ ಹಾಳೆಯಿಂದ.

ಇನ್ನು ಸಮಯದ ಮಾತು. ಎಂ.ಟೆಕ್‌ನ ಹಾದಿ ಗೇಟ್ ಪರೀಕ್ಷೆಯಿಂದ ಶುರುವಾಗುತ್ತದೆ. ಅದಕ್ಕೆ ಅರ್ಜಿ ಹಾಕುವುದು ಹಿಂದಿನ ವರ್ಷದ ಆಗಸ್ಟ್–ಸೆಪ್ಟೆಂಬರ್ ಸುಮಾರಿಗೆ, ಪರೀಕ್ಷೆ ಫೆಬ್ರುವರಿಯಲ್ಲಿ, ತರಗತಿ ಜುಲೈ–ಆಗಸ್ಟ್‌ನಲ್ಲಿ. ಸೀಟು ಸಿಕ್ಕ ಮೇಲೆ ಜೂನ್‌ನಲ್ಲಿ ರಜೆ ಕೇಳಿದರೆ ಕಾರ್ಖಾನೆಗೆ ಬದಲಿ ಆಳನ್ನು ಹುಡುಕಲು ಒಂದೇ ತಿಂಗಳು. ಆಗ ‘ಆಗುವುದಿಲ್ಲ’ ಎನ್ನುವುದೇ ಅವರಿಗೆ ಸುಲಭ. ಅನೇಕ ಐಐಟಿ, ಎನ್‌ಐಟಿಗಳಲ್ಲಿ ಉದ್ಯೋಗದಾತರ ಪ್ರಾಯೋಜಿತ ಅಭ್ಯರ್ಥಿಗಳಿಗೆ ಬೇರೆ ದಾರಿಯೇ ಇದೆ. ಆದರೆ ಅದಕ್ಕೆ ಪೂರ್ಣಾವಧಿ ರಜೆಯ ಪ್ರಮಾಣಪತ್ರವನ್ನು ಅರ್ಜಿಯ ಜೊತೆಗೇ ಲಗತ್ತಿಸಬೇಕು. ಗೇಟ್ ಮೂಲಕ ಹೋದವರಿಗೆ ಸಿಗುವ ತಿಂಗಳ 12,400 ರೂಪಾಯಿ ವಿದ್ಯಾರ್ಥಿವೇತನ ಸಾಮಾನ್ಯವಾಗಿ ಇವರಿಗಿಲ್ಲ. ಎರಡೂ ದಾರಿಗೆ ರಜೆಯ ಮಾತು ಹಿಂದಿನ ದೀಪಾವಳಿಯೊಳಗೆ ಮುಗಿದಿರಬೇಕು ಎಂಬುದು ನನ್ನ ಎಣಿಕೆ.

ಅವನು ಬರೆದ ಮನವಿಯನ್ನು ನಾನು ಅರ್ಧಕ್ಕರ್ಧ ತಿದ್ದಿದೆ. ‘ಉನ್ನತ ವ್ಯಾಸಂಗದ ಮಹದಾಸೆ’ ಎಂಬ ಸಾಲುಗಳು ಹೋದವು. ಅವುಗಳ ಜಾಗದಲ್ಲಿ ಕಾರ್ಖಾನೆಯ ತಲೆನೋವೊಂದು ಬಂತು. ಅವರಲ್ಲಿ ಬೆಳಗಿನ ಪಾಳಿಯಲ್ಲಿ ಸರಿಯಾಗಿ ಕೊರೆದು ಬರುವ ರಂಧ್ರದ ಅಳತೆ, ಮಧ್ಯಾಹ್ನ ಯಂತ್ರದ ಸ್ಪಿಂಡಲ್ ಕಾದ ಮೇಲೆ ಕೆಲವು ಮೈಕ್ರಾನ್ ಜಾರುತ್ತದೆ. ಆಪರೇಟರ್ ಕೈಯಿಂದ ಸರಿಪಡಿಸುವಷ್ಟರಲ್ಲಿ ಒಂದಷ್ಟು ತುಂಡುಗಳು ಗುಜರಿಗೆ. ಎರಡನೆಯ ವರ್ಷದ ಪ್ರಬಂಧವನ್ನು ಇದರ ಮೇಲೆಯೇ, ಇದೇ ಯಂತ್ರಗಳ ದತ್ತಾಂಶದಿಂದ ಮಾಡುತ್ತೇನೆ, ಕಾಲೇಜಿನ ಮಾರ್ಗದರ್ಶಕರು ಒಪ್ಪಿದರೆ, ಎಂದು ಬರೆಸಿದೆ. ನನ್ನ ಅನುಭವದಲ್ಲಿ ಹಿಡಿತ ತಪ್ಪುವುದನ್ನು ತಡೆಯುವುದು ಇದೇ. ಮೂರು ತಿಂಗಳಿಗೊಮ್ಮೆ ಅಳತೆಯ ಪಟ್ಟಿ ಕೇಳಲು ಕಾರ್ಖಾನೆಯ ಒಳಗೆ ಕಾಲಿಡುವವನನ್ನು ಯಾರೂ ಮರೆಯುವುದಿಲ್ಲ.

ಆಮೇಲೆ ಷರತ್ತುಗಳು. ರಜೆಯ ಆರಂಭ ಮತ್ತು ಕೊನೆಯ ದಿನಾಂಕ, ಸೇವಾ ನಿರಂತರತೆ, ಹಿಂದಿರುಗಿದಾಗ ಅದೇ ದರ್ಜೆ, ನಡುವಿನ ಸಾಮಾನ್ಯ ವೇತನ ಪರಿಷ್ಕರಣೆಯ ಅನ್ವಯ. ಇವುಗಳ ಜೊತೆಗೆ ಸ್ವೀಡನ್ನಿನಿಂದ ಒಂದನ್ನು ಎರವಲು ತಂದೆ. ಅಲ್ಲಿ ಓದು ಅರ್ಧಕ್ಕೆ ಬಿಟ್ಟವನು ಅವಧಿಗೆ ಮೊದಲೇ ಕೆಲಸಕ್ಕೆ ಮರಳಬಹುದು. ರಜೆ ಒಂದು ವರ್ಷ ಅಥವಾ ಹೆಚ್ಚಿನದಾಗಿದ್ದರೆ ಮಾಲೀಕರು ಅವನನ್ನು ಒಂದು ತಿಂಗಳು ಕಾಯಿಸಬಹುದು, ಅಷ್ಟೇ. ಮೊದಲ ಸೆಮಿಸ್ಟರಿನಲ್ಲೇ ಕೈಸೋತವನಿಗೆ ಈ ಒಂದು ಸಾಲು ಬಹಳ ದೊಡ್ಡದು. ಪಿಎಫ್‌ಗೆ ಸಂಬಳವಿಲ್ಲದ ತಿಂಗಳುಗಳಲ್ಲಿ ವಂತಿಗೆ ಇರುವುದಿಲ್ಲ, ಅದಕ್ಕೆ ಮಾಡುವಂಥದ್ದೇನೂ ಇಲ್ಲ. ಆದರೆ ಕಂಪನಿಯ ಆರೋಗ್ಯ ವಿಮೆ ಮುಂದುವರಿಯುತ್ತದೆಯೇ, ಕಂತನ್ನು ಯಾರು ಕಟ್ಟಬೇಕು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. ಚಿಕ್ಕಪ್ಪ, ಚಿಕ್ಕಮ್ಮ ಇಬ್ಬರೂ ಅದೇ ವಿಮೆಯ ಕೆಳಗಿದ್ದಾರೆ.

ಉತ್ತರ ಬರಲು ಆರು ವಾರ ಹಿಡಿಯಿತು. ದಿನಾಂಕ, ನಿರಂತರತೆ, ಬೇಗ ಮರಳುವ ಅವಕಾಶಕ್ಕೆ ಒಪ್ಪಿದರು. ವಿಮೆಯ ಕಂತು ಅವನದೇ. ವೇತನ ಪರಿಷ್ಕರಣೆಗೆ ಒಪ್ಪಲಿಲ್ಲ. ಅದೇ ಹುದ್ದೆ ಎಂದು ಬರೆಯದೆ, ಅದೇ ದರ್ಜೆ, ತುಮಕೂರು ಘಟಕದಲ್ಲೇ ಎಂದು ಬರೆದರು. ಬದಲಿಗೆ ಎರಡು ವರ್ಷದ ಬಾಂಡ್ ಕೇಳಿದರು: ಬಂದ ಮೇಲೆ ಅಷ್ಟು ಕಾಲ ದುಡಿಯದೆ ಬಿಟ್ಟರೆ ಹಣ ಕಟ್ಟಬೇಕು. ಬಾಂಡ್ ಎಂದರೆ ಸಾಕು, ನಮ್ಮವರು ಹಾವು ಕಂಡವರಂತೆ ಬೆಚ್ಚುತ್ತಾರೆ. ಇಲ್ಲವೇ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಬಿಡಿ ಎಂದು ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಎರಡೂ ಸರಿಯಲ್ಲ. 2025ರಲ್ಲಿ ಸುಪ್ರೀಂ ಕೋರ್ಟ್ ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಕನಿಷ್ಠ ಸೇವೆಯ ಬಾಂಡನ್ನು ಎತ್ತಿಹಿಡಿದಿದೆ. ಹಾಗಾಗಿ ಮೊತ್ತ ದುಡಿದ ಪ್ರತಿ ತಿಂಗಳಿಗೂ ಕರಗುತ್ತಾ ಬರಬೇಕು, ಕಂಪನಿಯೇ ಕೆಲಸದಿಂದ ತೆಗೆದರೆ ಬಾಂಡ್ ಅನ್ವಯಿಸಬಾರದು ಎಂದು ಎರಡು ತಿದ್ದುಪಡಿ ಕೇಳಿಸಿದೆ. ಎರಡಕ್ಕೂ ತಕರಾರಿಲ್ಲದೆ ಒಪ್ಪಿದರು.

ಪರಿಷ್ಕರಣೆ ಹೋದರೆ ಹೋಗಲಿ, ಸಹಿ ಹಾಕು ಎಂದೆ. ಚಿಕ್ಕಪ್ಪ ಪತ್ರವನ್ನು ಎರಡು ಸಲ ಓದಿ, ಮೊಹರು ಇರುವ ಪ್ರತಿ ಬೇಕು, ಮೊಬೈಲಿನಲ್ಲಿ ಬಂದದ್ದು ಸಾಲದು ಎಂದರು. ಅವರು ಹೇಳಿದ್ದೂ ಸರಿ.