ಮರೂನ್ ಕುರ್ತಾ, ಬಿಳಿ ಬನಿಯನ್

ಹಬ್ಬಕ್ಕೆ ಹೊಸ ಬಟ್ಟೆ ತಂದ ಮನೆಯಲ್ಲಿ ಹಬ್ಬ ಮುಗಿದ ಮೇಲೆ ಇನ್ನೊಂದು ಸಣ್ಣ ಕಾರ್ಯಕ್ರಮ ಇರುತ್ತದೆ. ಬಚ್ಚಲಲ್ಲಿ ಒಂದು ಬಕೆಟ್, ಅದರೊಳಗೆ ಹೊಸ ಬಟ್ಟೆ, ಸುತ್ತ ಬಗ್ಗಿ ನೋಡುವ ಎರಡು ಮೂರು ತಲೆಗಳು. ನೀರು ಕೆಂಪಾದರೆ "ಅಯ್ಯೋ, ಬಣ್ಣ ಬಿಡ್ತಿದೆ" ಅಂತ ಗದ್ದಲ. ತಿಳಿಯಾಗಿದ್ದರೆ "ಪರವಾಗಿಲ್ಲ, ಗಟ್ಟಿ ಬಣ್ಣ" ಅಂತ ಸರ್ಟಿಫಿಕೇಟು.

ನನ್ನ ತಕರಾರು ಈ ಸರ್ಟಿಫಿಕೇಟಿನ ಮೇಲೆ. ಬಣ್ಣ ನೀರಿಗೆ ಇಳಿದರೆ ನಮ್ಮ ಗಂಟೇನು ಹೋಯಿತು? ಆ ನೀರನ್ನು ಹೇಗಿದ್ದರೂ ಚೆಲ್ಲುತ್ತೇವೆ. ಪಕ್ಕದಲ್ಲಿರುವ ಬಿಳಿ ಬನಿಯನ್ನಿಗೆ ಹತ್ತಿದರೆ ಅಲ್ವಾ ನಷ್ಟ? ಅದು ಹತ್ತುತ್ತದೋ ಇಲ್ಲವೋ ಅನ್ನುವುದನ್ನು ನೀರು ಹೇಳುವುದಿಲ್ಲ. ಬಿಳಿ ಬಟ್ಟೆಯೇ ಹೇಳಬೇಕು.

ಇದನ್ನು ನಮ್ಮ ಅಕ್ಕನಿಗೆ ಒಪ್ಪಿಸುವುದು ಸುಲಭವಿರಲಿಲ್ಲ. ಅಕ್ಕನ ಮಗಳು ಯಾವುದೋ ಮೇಳದಿಂದ ಒಂದು ಮರೂನ್ ಹತ್ತಿ ಕುರ್ತಾ ತಂದಿದ್ದಳು. ಒದ್ದೆ ಬೆರಳಲ್ಲಿ ಮುಟ್ಟಿದರೆ ಬೆರಳೇ ಕೆಂಪು. "ಒಂದು ಹಿಡಿ ಕಲ್ಲುಪ್ಪು ಹಾಕಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಕಣೋ, ಅಮ್ಮ ಹಾಕ್ತಿರಲಿಲ್ವಾ?" ಅಂದಳು. ಅಮ್ಮ ಹಾಕುತ್ತಿದ್ದದ್ದು ನಿಜ. ನಾನು ಎರಡು ಬಟ್ಟಲು ತಂದೆ. ಎರಡಕ್ಕೂ ಅರ್ಧರ್ಧ ಲೀಟರ್ ನೀರು, ಒಂದಕ್ಕೆ ಮಾತ್ರ ಎರಡು ದೊಡ್ಡ ಚಮಚ ಉಪ್ಪು. ಕುರ್ತಾದ ಪಕ್ಕದ ಹೊಲಿಗೆಯ ಒಳಗೆ, ಮುಂದೆ ಅಗಲ ಮಾಡಿಕೊಳ್ಳಲು ಬಿಟ್ಟಿರುತ್ತಾರಲ್ಲ ಆ ಮಾರ್ಜಿನ್ನಿನಿಂದ ಎರಡು ತುಂಡು ಕತ್ತರಿಸಿದೆ. ಒಂದೊಂದಕ್ಕೂ ಹಳೇ ಬಿಳಿ ಪಂಚೆಯ ಒಂದೊಂದು ಚೂರು ಸೇರಿಸಿ ದಾರದಿಂದ ಎರಡು ಹೊಲಿಗೆ ಹಾಕಿ ಮುಳುಗಿಸಿದೆ.

ಅರ್ಧ ಗಂಟೆ ಆದ ಮೇಲೆ ಅಕ್ಕ ಗೆದ್ದಳು. ಸಾದಾ ನೀರು ದಾಸವಾಳದ ಶರಬತ್ತಿನ ಹಾಗೆ ಕೆಂಪಾಗಿತ್ತು, ಉಪ್ಪಿನ ನೀರು ಅದಕ್ಕಿಂತ ಎಷ್ಟೋ ತಿಳಿ. "ನೋಡಿದ್ಯಾ?" ಅಂದಳು. ಆಮೇಲೆ ಹೊಲಿಗೆ ಬಿಚ್ಚಿ ಪಂಚೆ ಚೂರುಗಳನ್ನು ಒಣಗಿಸಿ ಪಕ್ಕಪಕ್ಕ ಇಟ್ಟೆವು. ಉಪ್ಪಿನ ಬಟ್ಟಲಿನಲ್ಲಿದ್ದ ಚೂರೇ ಜಾಸ್ತಿ ಗುಲಾಬಿ. ಅದೇ ಬಟ್ಟಲಿನ ಮರೂನ್ ತುಂಡನ್ನು ತೆಗೆದು ಸಾದಾ ನೀರಿಗೆ ಹಾಕಿದರೆ, ಅಷ್ಟು ಹೊತ್ತು ತಡೆದಿಟ್ಟುಕೊಂಡಿದ್ದ ಬಣ್ಣವನ್ನೆಲ್ಲ ಬಿಡತೊಡಗಿತು.

ಇದರಲ್ಲಿ ಮಾಯ ಏನೂ ಇಲ್ಲ. ಹತ್ತಿಗೆ ಬಣ್ಣ ಹಾಕುವವರೇ ಡೈ ತೊಟ್ಟಿಗೆ ಉಪ್ಪು ಸುರಿಯುತ್ತಾರೆ, ಅದೂ ಧಾರಾಳವಾಗಿ. ಗಾಢ ಬಣ್ಣಕ್ಕೆ ಲೀಟರಿಗೆ 50 ಗ್ರಾಂ ಮೀರುವುದೂ ಉಂಟು. ನೀರಿನಲ್ಲಿ ಹತ್ತಿಯ ಮೈಮೇಲೆ ಸ್ವಲ್ಪ ಋಣ ವಿದ್ಯುತ್ತು ಇರುತ್ತದೆ. ಬಣ್ಣದ ಕಣಗಳ ಮೇಲೂ ಅದೇ. ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಉಪ್ಪು ಬಂದರೆ ಆ ಜಗಳ ತಣ್ಣಗಾಗಿ, ಬಣ್ಣ ನೀರನ್ನು ಬಿಟ್ಟು ಬಟ್ಟೆಯ ಕಡೆ ಸರಿಯುತ್ತದೆ. ಯಾವ ಬಟ್ಟೆ ಅನ್ನುವುದು ಅದಕ್ಕೆ ಬೇಕಿಲ್ಲ. ಮರೂನ್ ಕುರ್ತಾ ಆದರೂ ಸರಿ, ನಿಮ್ಮ ಬನಿಯನ್ ಆದರೂ ಸರಿ. ಉಪ್ಪು ಬಣ್ಣವನ್ನು ಬಟ್ಟೆಯ ಹತ್ತಿರ ನೂಕುತ್ತದೆ ಅಷ್ಟೇ, ಅಂಟಿಸುವುದಿಲ್ಲ. ಅಮ್ಮ ಬಕೆಟ್ಟಿಗೆ ಹಾಕುತ್ತಿದ್ದ ಒಂದು ಹಿಡಿಗೆ ನೂಕುವ ಶಕ್ತಿಯೂ ಹೆಚ್ಚಿಗೆ ಇರಲಿಲ್ಲ ಅನ್ನಿ. ಈಚೆಗೆ ವಿನೆಗರ್ ಹಾಕಿ ಅನ್ನುವವರೂ ಇದ್ದಾರೆ. ರೇಷ್ಮೆ, ಉಣ್ಣೆಗೆ ಹಾಕುವ ಕೆಲವು ಬಣ್ಣಗಳಿಗೆ ಹುಳಿ ಬೇಕು, ನಿಜ. ಹತ್ತಿಗೆ ಅದರಿಂದ ವಾಸನೆ ಬಿಟ್ಟು ಬೇರೇನೂ ಸಿಗುವುದಿಲ್ಲ.

ಹಾಗಾದರೆ ಹೊಸ ಬಟ್ಟೆ ಬಣ್ಣ ಬಿಡುವುದು ಯಾಕೆ? ಈಗಿನ ಹತ್ತಿ ಬಟ್ಟೆಗೆ ಹಾಕುವ ಬಣ್ಣದಲ್ಲಿ ದೊಡ್ಡ ಪಾಲು ರಿಯಾಕ್ಟಿವ್ ಡೈ. ಇಂಗ್ಲೆಂಡಿನ ಐಸಿಐ ಕಂಪನಿ 1956ರಲ್ಲಿ ಪ್ರೋಸಿಯಾನ್ ಹೆಸರಿನಲ್ಲಿ ಮೊದಲು ಮಾರಿದ ಜಾತಿ ಇದು. ಉಪ್ಪು ಹಾಕಿ ಬಟ್ಟೆಯೊಳಗೆ ಇಳಿಸಿ, ಆಮೇಲೆ ಸೋಡಾ ಹಾಕಿದರೆ ಬಣ್ಣವು ಹತ್ತಿಯ ಜೊತೆ ರಾಸಾಯನಿಕವಾಗಿ ಬೆಸೆದುಕೊಳ್ಳುತ್ತದೆ. ಬೆಸೆದದ್ದು ಒಗೆತಕ್ಕೆ ಜಗ್ಗುವುದಿಲ್ಲ. ತೊಂದರೆ ಏನೆಂದರೆ, ತೊಟ್ಟಿಯಲ್ಲಿರುವ ಬಣ್ಣದಲ್ಲಿ ಒಂದು ಪಾಲು ಹತ್ತಿಯ ಬದಲು ನೀರಿನ ಜೊತೆಗೇ ಬೆಸೆದುಬಿಡುತ್ತದೆ. ಆ ಪಾಲು ಮುಂದೆ ಯಾವತ್ತೂ ಹತ್ತಿಗೆ ಅಂಟುವುದಿಲ್ಲ. ಸುಮ್ನೆ ಎಳೆಗಳ ನಡುವೆ ಕೂತಿರುತ್ತದೆ. ಅದನ್ನು ಕುದಿಯುವುದಕ್ಕೆ ಸ್ವಲ್ಪ ಕಡಿಮೆ ಬಿಸಿಯ ಸೋಪಿನ ನೀರಿನಲ್ಲಿ ಮತ್ತೆ ಮತ್ತೆ ತೊಳೆದು ತೆಗೆಯಬೇಕು. ಇದಕ್ಕೆ ನೀರು ಬೇಕು, ಸೌದೆಯೋ ಗ್ಯಾಸೋ ಬೇಕು, ಹೊತ್ತು ಬೇಕು. ಅಗ್ಗದ ಬಟ್ಟೆಯಲ್ಲಿ ಉಳಿತಾಯ ಮಾಡುವುದು ಇಲ್ಲೇ. ಅವರು ಬಿಟ್ಟ ತೊಳೆತವನ್ನು ನಾವು ನಮ್ಮ ನೀರಲ್ಲಿ, ನಮ್ಮ ಸೋಪಲ್ಲಿ ಮುಗಿಸಿಕೊಡುತ್ತೇವೆ.

ಇದು ಗೊತ್ತಾದರೆ ಮದ್ದೂ ಗೊತ್ತಾಯಿತು. ಬಣ್ಣ ನಿಲ್ಲಿಸಲು ಹೋಗಬಾರದು, ಹೊರಡಿಸಬೇಕು. ಲೇಬಲ್ಲಿನಲ್ಲಿ ಬೇಡ ಅನ್ನದಿದ್ದರೆ ಚೆನ್ನಾಗಿ ಬೆಚ್ಚಗಿರುವ ನೀರಿನಲ್ಲಿ, ಸ್ವಲ್ಪ ಸೋಪಿನ ಪುಡಿ ಹಾಕಿ, ಆ ಬಟ್ಟೆ ಒಂದನ್ನೇ ಒಗೆದು ಧಾರಾಳ ನೀರಲ್ಲಿ ಜಾಲಿಸುವುದು. ಮೂರು ನಾಲ್ಕು ಸಲದಲ್ಲಿ ನೀರಿನ ಬಣ್ಣ ಸಲಸಲಕ್ಕೂ ಇಳಿಯುತ್ತಾ ಬಂದರೆ ಅದು ತೊಳೆಯದೆ ಉಳಿದಿದ್ದ ಹೆಚ್ಚುವರಿ ಬಣ್ಣ, ಮುಗಿಯುತ್ತದೆ. ಇಳಿಯದೆ ಅಷ್ಟಕ್ಕಷ್ಟೇ ಬರುತ್ತಿದ್ದರೆ ಅದು ಡೈರೆಕ್ಟ್ ಡೈ ಇರಬಹುದು. ಡೈರೆಕ್ಟ್ ಡೈ ಹತ್ತಿಗೆ ಬೆಸೆಯುವುದೇ ಇಲ್ಲ, ಸುಮ್ಮನೆ ಹಿಡಿದುಕೊಂಡಿರುತ್ತದೆ. ಅಂಥ ಬಟ್ಟೆ ಇರುವಷ್ಟು ದಿನ ಬಣ್ಣ ಬಿಡುತ್ತಲೇ ಇರುತ್ತದೆ, ಅದಕ್ಕೆ ಕೊನೆಯವರೆಗೂ ಬೇರೆ ಬಕೆಟ್ಟೇ ಗತಿ. ಅಕ್ಕನ ಮಗಳ ಕುರ್ತಾ ಮೊದಲನೇ ಜಾತಿ, ಪುಣ್ಯಕ್ಕೆ.

ಬೇರೆ ಬಟ್ಟೆಗಳ ಜೊತೆ ಸೇರಿಸಬಹುದಾ ಅಂತ ನೋಡಲು ಮಾರ್ಜಿನ್ ಕತ್ತರಿಸಲೇಬೇಕೆಂದಿಲ್ಲ. ಬಟ್ಟೆಯ ಒಳಅಂಚಿಗೆ ಒಂದು ಬಿಳಿ ಹತ್ತಿಯ ತುಂಡು ಮಡಚಿ ರಬ್ಬರ್ ಬ್ಯಾಂಡ್ ಹಾಕಿ, ನೀವು ಒಗೆಯುವಷ್ಟೇ ಬಿಸಿಯ, ಸೋಪು ಕರಗಿಸಿದ ನೀರಿನಲ್ಲಿ ಆ ಮೂಲೆಯನ್ನು ಅರ್ಧ ಗಂಟೆ ಅದ್ದಿಡಿ. ತಣ್ಣೀರಲ್ಲಿ ನೋಡಿ ಬಿಸಿನೀರಲ್ಲಿ ಒಗೆದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ. ಬಿಳಿ ತುಂಡನ್ನು ಒದ್ದೆಯಾಗಿರುವಾಗ ನೋಡಿ ತೀರ್ಮಾನಿಸಬೇಡಿ. ಒಣಗಿದ ಮೇಲೆ, ಅದೇ ಬಿಳಿ ಬಟ್ಟೆಯ ನೆನೆಯದ ಚೂರಿನ ಪಕ್ಕ ಇಟ್ಟು, ಕಿಟಕಿ ಬೆಳಕಿನಲ್ಲಿ ನೋಡಿ. ಟ್ಯೂಬ್‌ಲೈಟಿನ ಕೆಳಗೆ ಎಲ್ಲವೂ ಬಿಳಿಯೇ. ಪ್ರಯೋಗಾಲಯದವರೂ ಹೆಚ್ಚು ಕಡಿಮೆ ಇದನ್ನೇ ಮಾಡುತ್ತಾರೆ. ಹತ್ತಿದ ಕಲೆಯನ್ನು ಬೂದು ಬಣ್ಣದ ಒಂದು ಅಳತೆಪಟ್ಟಿಯ ಜೊತೆ ಹೋಲಿಸಿ 5ರಿಂದ 1ರವರೆಗೆ ಅಂಕ ಕೊಡುತ್ತಾರೆ. 5 ಅಂದರೆ ಏನೂ ಹತ್ತಿಲ್ಲ, 1 ಅಂದರೆ ದೇವರೇ ಗತಿ.

ಅವರ ಬಿಳಿ ಪಟ್ಟಿಯಲ್ಲಿ ಒಂದು ಜಾಣತನ ಇದೆ. ಹತ್ತಿ, ಉಣ್ಣೆ, ನೈಲಾನ್, ಪಾಲಿಯೆಸ್ಟರ್, ಅಕ್ರಿಲಿಕ್, ಅಸಿಟೇಟ್, ಹೀಗೆ ಆರು ನೂಲುಗಳನ್ನು ಪಕ್ಕಪಕ್ಕ ನೇಯ್ದ ಪಟ್ಟಿ ಅದು. ಒಂದೇ ನೀರಿನಲ್ಲಿ ಅದ್ದಿದರೂ ಆರರ ಮೇಲೂ ಕಲೆ ಒಂದೇ ಥರ ಹತ್ತುವುದಿಲ್ಲ. ಇದನ್ನು ನೋಡಲು ಪಟ್ಟಿ ಕೊಳ್ಳಬೇಕಾಗಿಲ್ಲ. ಬಣ್ಣ ಹತ್ತಿಸಿಕೊಂಡ ಬಿಳಿ ಬನಿಯನ್ ಮನೆಯಲ್ಲಿದ್ದರೆ ಅದರ ಕಂಕುಳ ಹೊಲಿಗೆಯನ್ನು ಹತ್ತಿರದಿಂದ ನೋಡಿ. ಬಟ್ಟೆಯೆಲ್ಲ ಗುಲಾಬಿ, ಹೊಲಿಗೆ ದಾರ ಮಾತ್ರ ಕೊಂಡ ದಿನದಷ್ಟೇ ಬಿಳಿ ಇರುವುದು ಸಾಮಾನ್ಯ. ದಾರ ಪಾಲಿಯೆಸ್ಟರ್, ಹತ್ತಿಯ ಬಣ್ಣಕ್ಕೆ ಅದು ಸೊಪ್ಪು ಹಾಕುವುದಿಲ್ಲ. ಹೊಸ ಕಪ್ಪು ಹತ್ತಿಯ ಜೊತೆ ಏನನ್ನಾದರೂ ಹಾಕಲೇಬೇಕಾಗಿ ಬಂದರೆ ತಿಳಿ ಬಣ್ಣದ ಪೂರಾ ಪಾಲಿಯೆಸ್ಟರ್ ಶರ್ಟು ಬದುಕಿಕೊಳ್ಳಬಹುದು. ಬನಿಯನ್, ಕರ್ಚೀಫು, ಹತ್ತಿ ಪಂಚೆ, ನೈಲಾನ್ ಲೇಸು ಬದುಕುವುದಿಲ್ಲ.

ಮಷಿನ್‌ನಲ್ಲಿ ಬಣ್ಣ ಹತ್ತುವ ಒಂದು ದೊಡ್ಡ ಹೊತ್ತು ಯಾವುದು ಗೊತ್ತಾ? ಮಷಿನ್ ನಿಂತ ಮೇಲೆ. ತಿರುಗುವಾಗ ಬಣ್ಣ ನೀರಲ್ಲಿ ಹರಡಿಕೊಂಡು ಓಡಾಡುತ್ತಿರುತ್ತದೆ. ನಿಂತ ಮೇಲೆ ಒದ್ದೆ ಕುರ್ತಾದ ತೋಳು ಒದ್ದೆ ಬನಿಯನ್ನಿನ ಮೇಲೆ ಒತ್ತಿಕೊಂಡು ಮಲಗಿರುತ್ತದೆ. ಬೀಪ್ ಶಬ್ದ ಕೇಳಿಯೂ ಧಾರಾವಾಹಿ ಮುಗಿಯಲಿ ಅಂತ ಕೂತರೆ ತೋಳಿನ ಅಚ್ಚು ಬನಿಯನ್ ಮೇಲೆ ಬಿದ್ದಿರುತ್ತದೆ. ಇಡೀ ಬಟ್ಟೆ ಸಮವಾಗಿ ಗುಲಾಬಿಯಾಗಿದ್ದರೆ ನೀರಲ್ಲಿ ಹತ್ತಿದ್ದು. ಪಟ್ಟೆಪಟ್ಟೆಯಾಗಿ, ಅಂಚು ಕಾಣುವ ಹಾಗೆ ಇದ್ದರೆ ಕೂತಲ್ಲಿ ಹತ್ತಿದ್ದು. ಹಾಗಂತ ಬಕೆಟ್ಟಿನವರು ನಗಬೇಕಾಗಿಲ್ಲ. ರಾತ್ರಿ ನೆನೆಹಾಕಿ ಬೆಳಿಗ್ಗೆ ಕುಕ್ಕುವುದೂ ಇದೇ ಕಥೆ. ಫ್ರಂಟ್ ಲೋಡ್ ಮಷಿನ್‌ನಲ್ಲಿ ನೀರು ಕಡಿಮೆ, ಹಾಗಾಗಿ ಬಿಟ್ಟ ಬಣ್ಣ ಗಟ್ಟಿಯಾಗಿರುತ್ತದೆ. ಅದರಲ್ಲಿ ಹೊಸ ಗಾಢ ಬಟ್ಟೆ ಇದ್ದಾಗ ತುಂಬಾ ತುರುಕಬಾರದು.

ಜೀನ್ಸ್ ವಿಷಯ ಬೇರೆಯೇ. ಅದರ ನೀಲಿ ನೀರಿನಲ್ಲಿ ಕರಗುವುದಿಲ್ಲ, ನೂಲಿನ ಹೊರಮೈಗೆ ಮೆತ್ತಿಕೊಂಡಿರುತ್ತದೆ. ನೀರಿನ ಪರೀಕ್ಷೆಯಲ್ಲಿ ಪಾಸಾದರೂ, ಬಿಳಿ ಸೋಫಾದ ಮೇಲೆ ಕೂತಾಗ ಫೇಲಾಗಬಹುದು. ಅದಕ್ಕೆ ಬಿಳಿ ಕರ್ಚೀಫಿನಿಂದ ಒಂದು ಸಲ ಒಣಗಿದ್ದಾಗ, ಒಂದು ಸಲ ಒದ್ದೆ ಮಾಡಿ, ಹತ್ತು ಹತ್ತು ಸಲ ಉಜ್ಜಿ ನೋಡಬೇಕು. ಒದ್ದೆಯಲ್ಲಿ ಸಾಮಾನ್ಯವಾಗಿ ಜಾಸ್ತಿ ಬರುತ್ತದೆ.

ಬಣ್ಣ ಹತ್ತಿಯೇಬಿಟ್ಟರೆ? ಒಣಗಲು ಬಿಡಬೇಡಿ, ಇಸ್ತ್ರಿಯಂತೂ ಬೇಡವೇ ಬೇಡ. ಒದ್ದೆಯಿರುವಾಗಲೇ ಕಪ್ಪು ಬಟ್ಟೆಯನ್ನು ಆಚೆ ತೆಗೆದು, ಕಲೆಯಾದದ್ದನ್ನು ಮಾತ್ರ ಬಿಸಿ ಸೋಪಿನ ನೀರಿನಲ್ಲಿ ಇನ್ನೊಮ್ಮೆ ಒಗೆಯಿರಿ. ಹೆಚ್ಚಿನ ಸಲ ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಬಿಸಿನೀರಿನಲ್ಲಿ ಆಕ್ಸಿಜನ್ ಬ್ಲೀಚ್ ಪುಡಿ ಕರಗಿಸಿ ಕೆಲವು ಗಂಟೆ ನೆನೆಸಬಹುದು. ರೇಷ್ಮೆ, ಉಣ್ಣೆಗೆ ಇದು ಬೇಡ. ವಾಸನೆಯ ಕ್ಲೋರಿನ್ ಬ್ಲೀಚು ಅಚ್ಚ ಬಿಳಿ ಹತ್ತಿಗೆ ಮಾತ್ರ.

ಇದಕ್ಕೆಲ್ಲ ಬಗ್ಗದ ಬಟ್ಟೆ ಒಂದಿದೆ: ಕಪ್ಪು ಮೈ, ಬಿಳಿ ಅಂಚಿನ ಹತ್ತಿ ಸೀರೆ. ಬೇರೆ ಬೇರೆ ಒಗೆಯೋಣ ಅಂದರೆ ಅಂಚನ್ನು ಕಿತ್ತು ಇಡಲಾಗುತ್ತದೆಯೇ? ಇದನ್ನು ನೆನೆಹಾಕಲೇಬಾರದು. ತಣ್ಣೀರಲ್ಲಿ ಬೇಗ ಬೇಗ ಒಗೆದು, ಮುದುರಿ ಇಡದೆ, ಕೂಡಲೇ ಒಂದೇ ಪದರವಾಗಿ ಹರವಬೇಕು. ಹಗ್ಗದ ಉದ್ದಕ್ಕೆ ಹರವಿದರೆ ಒಂದು ಅಂಚು ಕೆಳಗೆ ಬರುತ್ತದೆ, ನೀರಿನ ಜೊತೆ ಕಪ್ಪೆಲ್ಲ ಅದಕ್ಕೇ ಇಳಿಯುತ್ತದೆ. ಮಹಡಿಯ ಮೇಲಿಂದ ಉದ್ದಕ್ಕೆ ಇಳಿಬಿಟ್ಟರೆ ಎರಡೂ ಅಂಚು ಪಕ್ಕಕ್ಕೆ ನಿಲ್ಲುತ್ತವೆ, ನೀರು ಸೆರಗಿನ ಕಡೆಯಿಂದಲೋ ಒಳತುದಿಯ ಕಡೆಯಿಂದಲೋ ತೊಟ್ಟಿಕ್ಕುತ್ತದೆ. ಒಳತುದಿ ಕೆಳಗಿರಲಿ, ಅದು ಹೇಗೂ ಸಿಕ್ಕಿಸಿಕೊಳ್ಳುವ ಭಾಗ. ಕೆಳಗಿನ ಮನೆಯವರು ಬಿಳಿ ಬಟ್ಟೆ ಒಣಹಾಕಿದ್ದಾರಾ ಅಂತ ಒಮ್ಮೆ ಬಗ್ಗಿ ನೋಡಿಕೊಳ್ಳಿ.